ಕ್ಯಾಂಪಸ್ ಸಂದರ್ಶನದಲ್ಲಿ ಸ್ವಪರಿಚಯ: ಕಡಿಮೆ ಪ್ರಾಜೆಕ್ಟ್‌ಗಳಿರುವ ಕಂಪ್ಯೂಟರ್ ಸೈನ್ಸ್ ಅಂತಿಮ ವರ್ಷದ ಅಭ್ಯರ್ಥಿಗಳಿಗೆ ಮಾಹಿತಿ

ಪೀಠಿಕೆ

ಕಂಪ್ಯೂಟರ್ ಸೈನ್ಸ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳು ಕ್ಯಾಂಪಸ್ ಸಂದರ್ಶನಕ್ಕೆ ಹಾಜರಾದಾಗ ಅವರಿಗೆ ಸಾಮಾನ್ಯವಾಗಿ ಎದುರಾಗುವ ಮೊದಲ ಪ್ರಶ್ನೆ "ನಿಮ್ಮ ಬಗ್ಗೆ ಹೇಳಿ" ಎಂಬುದಾಗಿರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಹಾಗೂ ಚುಂಚನಕಟ್ಟೆ ಸುತ್ತಲಿನ ಗ್ರಾಮಗಳಿಂದ ಮೈಸೂರಿನ ಕಾಲೇಜುಗಳಿಗೆ ದಿನವೂ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗಳಲ್ಲಿ ಹಲವರಿಗೆ ಪಠ್ಯಕ್ರಮದ ಹೊರಗೆ ಪ್ರಾಜೆಕ್ಟ್ ಮಾಡಲು ಸಮಯ ದೊರೆತಿರುವುದಿಲ್ಲ. ಅಂತಹವರ ರೆಸ್ಯೂಮೆಯಲ್ಲಿ ಪ್ರಯೋಗಾಲಯದ ಒಂದು ಕಿರು ಪ್ರಾಜೆಕ್ಟ್ ಮತ್ತು ಅಂತಿಮ ವರ್ಷದ ಒಂದು ಗುಂಪಿನ ಪ್ರಾಜೆಕ್ಟ್ ಮಾತ್ರ ಇರುತ್ತವೆ. ಇಷ್ಟನ್ನೇ ಆಧಾರವಾಗಿಟ್ಟುಕೊಂಡು ಸ್ವಪರಿಚಯದ ಉತ್ತರವನ್ನು ಸಿದ್ಧಪಡಿಸುವ ಕ್ರಮವನ್ನು ಒಂದು ನಿದರ್ಶನದೊಂದಿಗೆ ಈ ಪುಟದಲ್ಲಿ ವಿವರಿಸಲಾಗಿದೆ.

1. ಈ ಪ್ರಶ್ನೆಯನ್ನು ಕೇಳುವ ಉದ್ದೇಶ

ಸಂದರ್ಶಕರ ಮುಂದೆ ಅಭ್ಯರ್ಥಿಯ ರೆಸ್ಯೂಮೆ ಇರುತ್ತದೆ. ಹತ್ತನೇ ತರಗತಿ, ದ್ವಿತೀಯ ಪಿಯುಸಿ ಮತ್ತು ಪದವಿಯ ಅಂಕಗಳು ಅದರಲ್ಲಿ ನಮೂದಾಗಿರುತ್ತವೆ. ಅಂಕಗಳ ಅರ್ಹತೆಯನ್ನು ಕಂಪನಿಯು ಲಿಖಿತ ಪರೀಕ್ಷೆಗೆ ಮೊದಲೇ ಪರಿಶೀಲಿಸಿರುತ್ತದೆ. ಆದುದರಿಂದ ಅಂಕಗಳನ್ನು ಪುನಃ ಬಾಯಲ್ಲಿ ಒಪ್ಪಿಸುವುದರಿಂದ ಸಂದರ್ಶಕರಿಗೆ ಹೊಸ ವಿಷಯವೇನೂ ತಿಳಿಯುವುದಿಲ್ಲ.

ಸಂದರ್ಶಕರು ಈ ಉತ್ತರವನ್ನು ಮುಂದಿನ ಪ್ರಶ್ನೆಗಳನ್ನು ಆರಿಸಿಕೊಳ್ಳುವುದಕ್ಕೆ ಬಳಸುತ್ತಾರೆ. ಅಭ್ಯರ್ಥಿಯು ಉಚ್ಚರಿಸುವ ಪ್ರತಿಯೊಂದು ತಾಂತ್ರಿಕ ಪದವೂ ಒಂದು ಪ್ರಶ್ನೆಗೆ ನೀಡಿದ ಆಹ್ವಾನವಾಗಿರುತ್ತದೆ. "ಜಾವಾ, ಪೈಥಾನ್, ಕ್ಲೌಡ್, ಮೆಷಿನ್ ಲರ್ನಿಂಗ್ ಗೊತ್ತು" ಎಂದು ಹೇಳಿದ ಅಭ್ಯರ್ಥಿಯು ನಾಲ್ಕು ಬಾಗಿಲುಗಳನ್ನು ತೆರೆದಿರುತ್ತಾನೆ. ಸಂದರ್ಶಕರು ಯಾವ ಬಾಗಿಲಿನಿಂದ ಒಳಗೆ ಬರುವರು ಎಂಬುದು ಅವನ ಹಿಡಿತದಲ್ಲಿ ಇರುವುದಿಲ್ಲ. ತಾನು ಸ್ವತಃ ಮಾಡಿದ ಒಂದೇ ಕೆಲಸವನ್ನು ವಿವರವಾಗಿ ಹೇಳಿದ ಅಭ್ಯರ್ಥಿಗೆ ಮುಂದಿನ ಪ್ರಶ್ನೆಗಳು ಬಹುಮಟ್ಟಿಗೆ ಆ ಕೆಲಸದ ಮೇಲೆಯೇ ಬರುತ್ತವೆ. ಪ್ರಾಜೆಕ್ಟ್‌ಗಳು ಕಡಿಮೆ ಇರುವವರಿಗೆ ಅನುಕೂಲವಾಗುವ ಅಂಶ ಇದೇ ಆಗಿದೆ.

2. ಕಾಲಮಿತಿ ಮತ್ತು ಭಾಗಗಳು

ಉತ್ತರವು ಸುಮಾರು 90 ಸೆಕೆಂಡುಗಳಷ್ಟಿದ್ದರೆ ಸಾಕು. ಅವಸರವಿಲ್ಲದೆ ಇಂಗ್ಲಿಷ್‌ನಲ್ಲಿ ಮಾತನಾಡಿದರೆ ಈ ಅವಧಿಯಲ್ಲಿ 180ರಿಂದ 200 ಪದಗಳನ್ನು ಹೇಳಬಹುದು. ಈ ಅವಧಿಯನ್ನು ಕೆಳಕಂಡಂತೆ ಹಂಚಿಕೊಳ್ಳುವುದು ಸೂಕ್ತ.

ಅ) ಹೆಸರು, ಕಾಲೇಜು, ವಿಭಾಗ, ಊರು: 15 ಸೆಕೆಂಡು.
ಆ) ಸ್ವತಃ ಮಾಡಿದ ಒಂದು ಕೆಲಸ, ಅದರಲ್ಲಿ ಎದುರಾದ ಒಂದು ತೊಂದರೆ, ಅದನ್ನು ಸರಿಪಡಿಸಿದ ಬಗೆ: 45 ಸೆಕೆಂಡು.
ಇ) ಗುಂಪಿನ ಪ್ರಾಜೆಕ್ಟ್‌ನಲ್ಲಿ ತನ್ನ ಪಾಲಿನ ಕೆಲಸ: 15 ಸೆಕೆಂಡು.
ಈ) ಪ್ರಸ್ತುತ ಕಲಿಯುತ್ತಿರುವ ವಿಷಯ ಮತ್ತು ಅರ್ಜಿ ಸಲ್ಲಿಸಿದ ಹುದ್ದೆಯೊಂದಿಗೆ ಅದರ ಸಂಬಂಧ: 15 ಸೆಕೆಂಡು.

ತಂದೆ ತಾಯಿಯರ ಉದ್ಯೋಗ, ಸಹೋದರ ಸಹೋದರಿಯರ ವಿದ್ಯಾಭ್ಯಾಸ, ಹವ್ಯಾಸಗಳು ಮುಂತಾದವನ್ನು ಕೇಳಿದರೆ ಮಾತ್ರ ಹೇಳುವುದು. ಆದರೆ ಮನೆಯ ಕಸುಬಿಗೂ ಮಾಡಿದ ಕೆಲಸಕ್ಕೂ ಸಂಬಂಧವಿದ್ದಲ್ಲಿ ಅದನ್ನು ಒಂದು ವಾಕ್ಯದಲ್ಲಿ ಸೇರಿಸಬಹುದು. ಅದರ ನಿದರ್ಶನವನ್ನು ಮುಂದೆ ನೀಡಲಾಗಿದೆ.

ಊರಿನ ಬಗ್ಗೆಯೂ ಒಂದು ವಾಕ್ಯ ಸಿದ್ಧವಿರಬೇಕು. ಬೆಂಗಳೂರಿನಿಂದ ಅಥವಾ ಹೊರರಾಜ್ಯದಿಂದ ಬಂದ ಸಂದರ್ಶಕರಿಗೆ ಚುಂಚನಕಟ್ಟೆಯ ಹೆಸರು ತಿಳಿದಿರುವುದಿಲ್ಲ. "ಮೈಸೂರಿನಿಂದ 50 ಕಿ.ಮೀ.ಗೂ ಸ್ವಲ್ಪ ಹೆಚ್ಚು ದೂರದಲ್ಲಿ, ಕಾವೇರಿ ನದಿಯು ಜಲಪಾತವಾಗಿ ಬೀಳುವ ಊರು, ಅಲ್ಲಿ ಕೋದಂಡರಾಮ ದೇವಸ್ಥಾನವಿದ್ದು, ಜನವರಿಯಲ್ಲಿ ದನಗಳ ಜಾತ್ರೆ ನಡೆಯುತ್ತದೆ" ಎಂದಷ್ಟು ಹೇಳಿದರೆ ಸಾಕಾಗುತ್ತದೆ.

3. ಯಾವ ಕೆಲಸವನ್ನು ಆರಿಸಿಕೊಳ್ಳಬೇಕು

ರೆಸ್ಯೂಮೆಯಲ್ಲಿ ದೊಡ್ಡದಾಗಿ ಕಾಣುವ ಪ್ರಾಜೆಕ್ಟ್ ಅನ್ನು ಆರಿಸಿಕೊಳ್ಳಬೇಕೆಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ಆಯ್ಕೆಗೆ ಮೂರು ಪರೀಕ್ಷೆಗಳಿವೆ. ಮೊದಲನೆಯದು, ಆ ಪ್ರೋಗ್ರಾಂನ ಯಾವುದೇ ಭಾಗವನ್ನು ಅಭ್ಯರ್ಥಿಯು ಪುಸ್ತಕ ನೋಡದೆ ಕಾಗದದ ಮೇಲೆ ಬರೆಯಬಲ್ಲನೇ ಎಂಬುದು. ಎರಡನೆಯದು, ಅದರಲ್ಲಿ ಏನಾದರೂ ತಪ್ಪಾಗಿ, ಅದನ್ನು ಅವನೇ ಕಂಡುಹಿಡಿದಿದ್ದಾನೆಯೇ ಎಂಬುದು. ಮೂರನೆಯದು, ಅದನ್ನು ಯಾರಿಗಾಗಿ, ಯಾವ ಅಗತ್ಯಕ್ಕಾಗಿ ಮಾಡಲಾಯಿತು ಎಂಬುದನ್ನು ಕಂಪ್ಯೂಟರ್ ತಿಳಿಯದವರಿಗೂ ಹೇಳಲು ಸಾಧ್ಯವೇ ಎಂಬುದು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಐದನೇ ಸೆಮಿಸ್ಟರ್‌ನ ಡೇಟಾಬೇಸ್ ಪ್ರಯೋಗಾಲಯದೊಂದಿಗೆ ಕಿರು ಪ್ರಾಜೆಕ್ಟ್ ಕೂಡ ಇತ್ತು. ಇಂತಹ ಕಿರು ಪ್ರಾಜೆಕ್ಟ್‌ಗಳು ಸಾಮಾನ್ಯವಾಗಿ ಈ ಮೂರೂ ಪರೀಕ್ಷೆಗಳಲ್ಲಿ ಉತ್ತೀರ್ಣವಾಗುತ್ತವೆ. ಅಂತರ್ಜಾಲದಿಂದ ಇಳಿಸಿಕೊಂಡ ಅಥವಾ ಹಣ ಕೊಟ್ಟು ಸಿದ್ಧಪಡಿಸಿಕೊಂಡ ಅಂತಿಮ ವರ್ಷದ ಪ್ರಾಜೆಕ್ಟ್‌ಗಳು ಮೊದಲನೆಯ ಪರೀಕ್ಷೆಯಲ್ಲಿಯೇ ನಿಲ್ಲುವುದಿಲ್ಲ.

4. ನಿದರ್ಶನ: ಹಾಲು ಉತ್ಪಾದಕರ ಸಂಘದ ಲೆಕ್ಕ

ವಿಷಯವನ್ನು ಸ್ಪಷ್ಟಪಡಿಸುವ ಸಲುವಾಗಿ ಒಂದು ಮಾದರಿ ಪ್ರಕರಣವನ್ನು ತೆಗೆದುಕೊಳ್ಳಲಾಗಿದೆ. ಚುಂಚನಕಟ್ಟೆ ಹೋಬಳಿಯ ಗ್ರಾಮವೊಂದರ ವಿದ್ಯಾರ್ಥಿನಿಯ ಮನೆಯಲ್ಲಿ ಎರಡು ಹಸುಗಳಿದ್ದು, ಬೆಳಿಗ್ಗೆ ಮತ್ತು ಸಂಜೆ ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಹಾಕಲಾಗುತ್ತದೆ. ಆಕೆ ಡೇಟಾಬೇಸ್ ಪ್ರಯೋಗಾಲಯದ ಕಿರು ಪ್ರಾಜೆಕ್ಟ್ ಆಗಿ ಈ ಲೆಕ್ಕವನ್ನು ಆರಿಸಿಕೊಂಡಳು. ಪ್ರೋಗ್ರಾಂನಲ್ಲಿ ಮೂರು ಟೇಬಲ್‌ಗಳಿದ್ದವು: ಸದಸ್ಯರು, ದಿನವಹಿ ಹಾಲು, ದರ. ಹದಿನೈದು ದಿನಗಳಿಗೊಮ್ಮೆ ಪ್ರತಿ ಸದಸ್ಯರ ಬಿಲ್ಲನ್ನು ಪ್ರೋಗ್ರಾಂ ತೋರಿಸುತ್ತಿತ್ತು. ಸಂಘದಲ್ಲಿ ಜಿಡ್ಡಿನ ಅಂಶವನ್ನು ಅನುಸರಿಸಿ ದರ ಬದಲಾಗುತ್ತದೆಯಾದರೂ, ಆಕೆ ಅಭ್ಯಾಸಕ್ಕಾಗಿ ಲೀಟರಿಗೆ ಒಂದೇ ದರವನ್ನು ಇಟ್ಟುಕೊಂಡಿದ್ದಳು.

ಮೊದಲು ದರದ ಟೇಬಲ್‌ನಲ್ಲಿ ಒಂದೇ ಸಾಲು ಇತ್ತು. ದರ ಬದಲಾದಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಲಾಗುತ್ತಿತ್ತು. ಪರೀಕ್ಷೆಗಾಗಿ ಆಕೆ ದಿನಕ್ಕೆ 8 ಲೀಟರಿನಂತೆ ಆಗಸ್ಟ್ 1ರಿಂದ 15ರವರೆಗಿನ ಲೆಕ್ಕವನ್ನು ದಾಖಲಿಸಿದಳು. ಮೊದಲ ಹತ್ತು ದಿನ ದರ 32 ರೂಪಾಯಿ, 11ನೇ ತಾರೀಖಿನಿಂದ 34 ರೂಪಾಯಿ ಎಂದಿಟ್ಟುಕೊಂಡಿದ್ದಳು. ಕೈಲೆಕ್ಕದಲ್ಲಿ ಮೊದಲ 80 ಲೀಟರಿಗೆ 2,560 ರೂಪಾಯಿ, ನಂತರದ 40 ಲೀಟರಿಗೆ 1,360 ರೂಪಾಯಿ, ಒಟ್ಟು 3,920 ರೂಪಾಯಿ ಆಗಬೇಕು. ಪ್ರೋಗ್ರಾಂ ತೋರಿಸಿದ್ದು 4,080 ರೂಪಾಯಿ. ಅಂದರೆ ಪೂರ್ತಿ 120 ಲೀಟರಿಗೂ ಹೊಸ ದರವೇ ಅನ್ವಯವಾಗಿ 160 ರೂಪಾಯಿ ಹೆಚ್ಚು ಬಂದಿತ್ತು. ಜುಲೈ ತಿಂಗಳ ಬಿಲ್ಲನ್ನು ಮತ್ತೆ ತೆರೆದಾಗ ಅದರ ಮೊತ್ತವೂ ಬದಲಾಗಿರುವುದು ಕಂಡುಬಂದಿತು.

ಆಕೆ ದರದ ಟೇಬಲ್‌ಗೆ "ಯಾವ ದಿನಾಂಕದಿಂದ" ಎಂಬ ಅಂಕಣವನ್ನು ಸೇರಿಸಿದಳು. ಹಳೆಯ ದರವನ್ನು ಅಳಿಸುವ ಬದಲು ಹೊಸ ಸಾಲನ್ನು ಸೇರಿಸುವ ಕ್ರಮವನ್ನು ಅನುಸರಿಸಿದಳು. ಹಾಲು ಹಾಕಿದ ದಿನದಂದು ಜಾರಿಯಲ್ಲಿದ್ದ ದರವನ್ನು ಆರಿಸುವ ಸಾಲುಗಳು ಹೀಗಿದ್ದವು:

```sql
SELECT rate FROM milk_rate
WHERE from_date <= '2024-08-10'
ORDER BY from_date DESC
LIMIT 1;
```

ಆಗಸ್ಟ್ 10ರ ದಿನಾಂಕಕ್ಕೆ ಇದು 32 ಎಂದೂ, 11ರ ದಿನಾಂಕವನ್ನು ಹಾಕಿದರೆ 34 ಎಂದೂ ಉತ್ತರ ನೀಡುತ್ತದೆ. ಈ ತಿದ್ದುಪಡಿಯ ನಂತರ ಬಿಲ್ಲಿನ ಮೊತ್ತ 3,920 ರೂಪಾಯಿಗೆ ಸರಿಹೋಯಿತು.

ಕೆಲಸ ಚಿಕ್ಕದು. ಆದರೆ ದರ ಬದಲಾದಾಗ ಹಳೆಯ ಲೆಕ್ಕ ಕೆಡಬಾರದು ಎಂಬ ಸಮಸ್ಯೆಯು ಬ್ಯಾಂಕ್ ಬಡ್ಡಿ, ವಿದ್ಯುತ್ ಬಿಲ್ಲು, ತೆರಿಗೆ, ವೇತನ ಮುಂತಾದ ಎಲ್ಲ ಲೆಕ್ಕಗಳಲ್ಲಿಯೂ ಇದೆ. ಕಂಪನಿಗಳಲ್ಲಿ ತಂತ್ರಾಂಶ ಸಿದ್ಧಪಡಿಸುವವರು ಇದನ್ನು ಕೂಡಲೇ ಗುರುತಿಸುತ್ತಾರೆ.

5. ಮಾದರಿ ಉತ್ತರ

ಮೇಲ್ಕಂಡ ವಿದ್ಯಾರ್ಥಿನಿಯ ಸ್ವಪರಿಚಯದ ಸಾರಾಂಶವನ್ನು ಕನ್ನಡದಲ್ಲಿ ಕೆಳಗೆ ನೀಡಲಾಗಿದೆ. ಸಂದರ್ಶನದಲ್ಲಿ ಇದನ್ನು ಸರಳವಾದ ಇಂಗ್ಲಿಷ್‌ನಲ್ಲಿ ಹೇಳತಕ್ಕದ್ದು.

"ನಮಸ್ಕಾರ ಸರ್, ನಮಸ್ಕಾರ ಮೇಡಂ. ನಾನು ಕಂಪ್ಯೂಟರ್ ಸೈನ್ಸ್ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಊರು ಮೈಸೂರು ಜಿಲ್ಲೆಯ ಚುಂಚನಕಟ್ಟೆಯ ಹತ್ತಿರ ಇದೆ. ನಮ್ಮ ಮನೆಯವರು ಗ್ರಾಮದ ಸಂಘಕ್ಕೆ ಹಾಲು ಹಾಕುತ್ತಾರೆ. ಡೇಟಾಬೇಸ್ ಪ್ರಯೋಗಾಲಯದಲ್ಲಿ ನಾನು ಆ ಹಾಲಿನ ಬಿಲ್ಲಿನ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದೆ. ಅದರಲ್ಲಿ ಸದಸ್ಯರು, ದಿನವಹಿ ಹಾಲು, ದರ ಎಂಬ ಮೂರು ಟೇಬಲ್‌ಗಳಿವೆ. ಪರೀಕ್ಷೆ ಮಾಡಿದಾಗ ನನ್ನ ಕೈಲೆಕ್ಕಕ್ಕಿಂತ ಬಿಲ್ಲಿನಲ್ಲಿ 160 ರೂಪಾಯಿ ಹೆಚ್ಚು ಬಂದಿತು. ದರ ಬದಲಾದಾಗ ನನ್ನ ಪ್ರೋಗ್ರಾಂ ಹಳೆಯ ದಿನಗಳಿಗೂ ಹೊಸ ದರವನ್ನೇ ಹಾಕುತ್ತಿತ್ತು. ದರದ ಜೊತೆಗೆ ಅದು ಜಾರಿಗೆ ಬಂದ ದಿನಾಂಕವನ್ನೂ ಇಟ್ಟು ಅದನ್ನು ಸರಿಪಡಿಸಿದೆ. ಇದು ಸಂಘದಲ್ಲಿ ಬಳಕೆಯಲ್ಲಿಲ್ಲ. ನಮ್ಮ ಮನೆಯ ಒಂದು ತಿಂಗಳ ಲೆಕ್ಕದ ಮೇಲೆ ಮಾತ್ರ ಪರೀಕ್ಷಿಸಿದ್ದೇನೆ. ಅಂತಿಮ ವರ್ಷದಲ್ಲಿ ನಾವು ನಾಲ್ವರು ಬಸ್ ಎಲ್ಲಿದೆ ಎಂದು ತೋರಿಸುವ ಮೊಬೈಲ್ ಆ್ಯಪ್ ಮಾಡುತ್ತಿದ್ದೇವೆ. ಅದರಲ್ಲಿ ನಿಲ್ದಾಣಗಳ ಮತ್ತು ವೇಳೆಯ ಟೇಬಲ್‌ಗಳು ನನ್ನ ಪಾಲಿನ ಕೆಲಸ. ಈಗ ಇಂಡೆಕ್ಸ್‌ಗಳು ಹುಡುಕಾಟವನ್ನು ಹೇಗೆ ವೇಗಗೊಳಿಸುತ್ತವೆ ಎಂಬುದನ್ನು ಕಲಿಯುತ್ತಿದ್ದೇನೆ. ಡೇಟಾಬೇಸ್‌ಗೆ ಸಂಬಂಧಿಸಿದ ಕೆಲಸದಿಂದ ಪ್ರಾರಂಭಿಸಲು ಇಚ್ಛಿಸುತ್ತೇನೆ."

ಈ ಉತ್ತರದಲ್ಲಿ ಪ್ರಾಜೆಕ್ಟ್‌ಗಳು ಕಡಿಮೆ ಇವೆ ಎಂಬ ಕ್ಷಮಾಯಾಚನೆ ಇಲ್ಲ. ಪ್ರೋಗ್ರಾಂ ಬಳಕೆಯಲ್ಲಿಲ್ಲ ಎಂಬ ಸಂಗತಿಯನ್ನು ಮರೆಮಾಚಿಯೂ ಇಲ್ಲ. ಕೇಳುವ ಮೊದಲೇ ಮಿತಿಯನ್ನು ಹೇಳಿದ ಅಭ್ಯರ್ಥಿಯ ಉಳಿದ ಮಾತುಗಳನ್ನು ಸಂದರ್ಶಕರು ಹೆಚ್ಚು ಅನುಮಾನಿಸುವುದಿಲ್ಲ.

6. ಉತ್ತರದ ನಂತರ ಬರಬಹುದಾದ ಪ್ರಶ್ನೆಗಳು

ಸ್ವಪರಿಚಯವನ್ನು ಬಾಯಿಪಾಠ ಮಾಡಿದರಷ್ಟೇ ಸಾಲದು. ಅದರಿಂದ ಹುಟ್ಟುವ ಪ್ರಶ್ನೆಗಳಿಗೂ ಸಿದ್ಧತೆ ಇರಬೇಕು. ಮೇಲಿನ ಉತ್ತರದಿಂದ ಮೂರು ಪ್ರಶ್ನೆಗಳನ್ನು ನಿರೀಕ್ಷಿಸಬಹುದು.

ಒಂದು: ದರವನ್ನು ಪ್ರತಿದಿನದ ಹಾಲಿನ ಸಾಲಿನಲ್ಲಿಯೇ ಏಕೆ ಬರೆದಿಡಲಿಲ್ಲ? ಇದಕ್ಕೆ ಒಂದೇ ಸರಿ ಉತ್ತರವಿಲ್ಲ. ಪ್ರತಿ ಸಾಲಿನಲ್ಲಿ ದರವನ್ನು ಬರೆದಿಟ್ಟರೆ ಮುಂದೆ ಯಾರಾದರೂ ದರದ ಟೇಬಲ್ ಅನ್ನು ತಿದ್ದಿದರೂ ಹಳೆಯ ಬಿಲ್ಲು ಬದಲಾಗುವುದಿಲ್ಲ. ಆದರೆ ದರವನ್ನೇ ತಪ್ಪಾಗಿ ದಾಖಲಿಸಿದ್ದಲ್ಲಿ ಎಲ್ಲ ಸಾಲುಗಳನ್ನೂ ತಿದ್ದಬೇಕಾಗುತ್ತದೆ. ದಿನಾಂಕದ ಕ್ರಮದಲ್ಲಿ ಒಂದೇ ಕಡೆ ತಿದ್ದಿದರೆ ಸಾಕು. ಎರಡರ ಸಾಧಕ ಬಾಧಕಗಳನ್ನು ಹೇಳಿ, ತಾನು ಒಂದನ್ನು ಆರಿಸಿದ ಕಾರಣವನ್ನು ತಿಳಿಸಿದರೆ ಉತ್ತರ ಪೂರ್ಣವಾಗುತ್ತದೆ.

ಎರಡು: ಒಬ್ಬ ಸದಸ್ಯರ ಬೆಳಗಿನ ಹಾಲನ್ನು ಎರಡು ಬಾರಿ ದಾಖಲಿಸಿದರೆ ಏನಾಗುತ್ತದೆ? ದಿನವಹಿ ಹಾಲಿನ ಟೇಬಲ್‌ನಲ್ಲಿ ಸದಸ್ಯ ಸಂಖ್ಯೆ, ದಿನಾಂಕ ಮತ್ತು ಹೊತ್ತು (ಬೆಳಿಗ್ಗೆ ಅಥವಾ ಸಂಜೆ) ಈ ಮೂರನ್ನೂ ಸೇರಿಸಿ ಪ್ರೈಮರಿ ಕೀ ಮಾಡಿದ್ದಲ್ಲಿ ಡೇಟಾಬೇಸ್ ಎರಡನೆಯ ದಾಖಲೆಯನ್ನು ನಿರಾಕರಿಸುತ್ತದೆ. ಸದಸ್ಯ ಸಂಖ್ಯೆ ಮತ್ತು ದಿನಾಂಕ ಮಾತ್ರ ಇದ್ದಲ್ಲಿ ಸಂಜೆಯ ಹಾಲನ್ನು ದಾಖಲಿಸಲು ಸಾಧ್ಯವಾಗುವುದಿಲ್ಲ. ತಾನು ಏನು ಮಾಡಿದ್ದೇನೆ ಎಂಬುದನ್ನು ಅಭ್ಯರ್ಥಿಯು ಸಂದರ್ಶನದ ಹಿಂದಿನ ದಿನ ತನ್ನ ಪ್ರೋಗ್ರಾಂ ತೆರೆದು ನೋಡಿಕೊಳ್ಳತಕ್ಕದ್ದು.

ಮೂರು: ಸಂಘಗಳಲ್ಲಿ ಹಾಲನ್ನು ಅಳೆದು ಚೀಟಿ ಕೊಡುವ ಯಂತ್ರಗಳು ಈಗಾಗಲೇ ಇರುವಾಗ ಇದನ್ನು ಮಾಡಿದ್ದೇಕೆ? ಇಲ್ಲಿ ತನ್ನ ಪ್ರೋಗ್ರಾಂ ಆ ಯಂತ್ರಕ್ಕಿಂತ ಉತ್ತಮವಾಗಿದೆ ಎಂದು ವಾದಿಸುವ ಅಗತ್ಯವಿಲ್ಲ. ಕೈಲೆಕ್ಕದಿಂದ ತಾಳೆ ನೋಡಬಹುದಾದ, ಪರಿಚಿತವಾದ ಲೆಕ್ಕವಾಗಿದ್ದುದರಿಂದ ಕಲಿಯಲು ಆರಿಸಿಕೊಂಡೆ ಎಂಬುದೇ ಸರಿಯಾದ ಉತ್ತರವಾಗಿದೆ. ಜಿಡ್ಡಿನ ಅಂಶಕ್ಕೆ ತಕ್ಕ ದರ ಮತ್ತು ಸರ್ಕಾರದ ಪ್ರೋತ್ಸಾಹಧನ ಇದರಲ್ಲಿ ಸೇರಿಲ್ಲ ಎಂಬುದನ್ನೂ ತಿಳಿಸಬಹುದು.

7. ಗುಂಪಿನ ಪ್ರಾಜೆಕ್ಟ್ ಬಗ್ಗೆ

ನಾಲ್ವರು ಸೇರಿ ಮಾಡಿದ ಪ್ರಾಜೆಕ್ಟ್ ಅನ್ನು "ನಾವು ಮಾಡಿದೆವು" ಎಂದು ಮಾತ್ರ ಹೇಳಿದರೆ ಅಭ್ಯರ್ಥಿಯ ಪಾಲು ಎಷ್ಟೆಂಬುದು ತಿಳಿಯುವುದಿಲ್ಲ. ಒಂದೇ ಗುಂಪಿನ ನಾಲ್ವರೂ ಅದೇ ದಿನ ಅದೇ ಕಂಪನಿಯ ಸಂದರ್ಶನಕ್ಕೆ ಹಾಜರಾಗುವುದು ಸಾಮಾನ್ಯ. ನಾಲ್ವರೂ ಪೂರ್ಣ ಆ್ಯಪ್ ಅನ್ನು ತಾವೇ ಬರೆದುದಾಗಿ ಹೇಳಿದಲ್ಲಿ ನಾಲ್ವರ ಮಾತೂ ನಂಬಿಕೆ ಕಳೆದುಕೊಳ್ಳುತ್ತದೆ. ಆದುದರಿಂದ ಗುಂಪಿನವರು ಮುಂಚಿತವಾಗಿ ಕುಳಿತು ಯಾರ ಪಾಲು ಯಾವುದು ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳುವುದು ಒಳಿತು. ಇತರರ ಭಾಗದ ಬಗ್ಗೆ ಪ್ರಶ್ನೆ ಬಂದಾಗ ಅದು ಏನು ಮಾಡುತ್ತದೆ ಎಂಬುದನ್ನು ಹೇಳಿ, ಬರೆದವರು ತಾನಲ್ಲ ಎಂದು ತಿಳಿಸಬಹುದು.

8. ಕಂಡುಬರುವ ದೋಷಗಳು ಮತ್ತು ಅವುಗಳನ್ನು ಗುರುತಿಸುವ ಕ್ರಮ

ಉತ್ತರವನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಣ ಮಾಡಿಕೊಂಡು ಕೇಳಿದರೆ ಹೆಚ್ಚಿನ ದೋಷಗಳು ತಾವಾಗಿಯೇ ತಿಳಿಯುತ್ತವೆ. 60 ಸೆಕೆಂಡಿನೊಳಗೆ ಮುಗಿದಲ್ಲಿ ಅವಸರದಿಂದ ಒಪ್ಪಿಸಲಾಗಿದೆ ಅಥವಾ ಕೆಲಸದ ವಿವರ ಬಿಟ್ಟುಹೋಗಿದೆ ಎಂದರ್ಥ. ಎರಡು ನಿಮಿಷ ಮೀರಿದಲ್ಲಿ ಕುಟುಂಬದ ಅಥವಾ ಅಂಕಗಳ ವಿವರ ಸೇರಿರುವ ಸಂಭವವಿರುತ್ತದೆ.

ಎರಡನೆಯದಾಗಿ, ಉತ್ತರದಲ್ಲಿ ಬರುವ ಪ್ರತಿಯೊಂದು ತಾಂತ್ರಿಕ ಪದದ ಕೆಳಗೆ ಗೆರೆ ಎಳೆದು, ಆ ಪದದ ಮೇಲೆ ಎರಡು ಪ್ರಶ್ನೆಗಳನ್ನು ಬೇರೊಬ್ಬರಿಂದ ಕೇಳಿಸಿಕೊಳ್ಳತಕ್ಕದ್ದು. ಎರಡನೆಯ ಪ್ರಶ್ನೆಗೆ ಉತ್ತರ ಬಾರದ ಪದವನ್ನು ಸ್ವಪರಿಚಯದಿಂದಲೂ ರೆಸ್ಯೂಮೆಯಿಂದಲೂ ತೆಗೆಯುವುದು ಕ್ಷೇಮ. ಮೇಲಿನ ಮಾದರಿಯಲ್ಲಿ "ಇಂಡೆಕ್ಸ್" ಎಂಬ ಪದವು ಇಂತಹುದು. ಇಂಡೆಕ್ಸ್ ಇದ್ದರೆ ಹುಡುಕಾಟ ವೇಗವಾಗುತ್ತದೆ ಎಂಬುದರ ಜೊತೆಗೆ, ಹೊಸ ದಾಖಲೆ ಸೇರಿಸುವಾಗ ಇಂಡೆಕ್ಸ್ ಅನ್ನೂ ತಿದ್ದಬೇಕಾಗುವುದರಿಂದ ಆ ಕೆಲಸ ಸ್ವಲ್ಪ ನಿಧಾನವಾಗುತ್ತದೆ ಎಂಬುದೂ ತಿಳಿದಿದ್ದರೆ ಮಾತ್ರ ಅದನ್ನು ಉಳಿಸಿಕೊಳ್ಳಬಹುದು.

ಮೂರನೆಯದಾಗಿ, "ಕಠಿಣ ಪರಿಶ್ರಮ ನನ್ನ ಶಕ್ತಿ", "ಬೇಗ ಕಲಿಯುತ್ತೇನೆ" ಎಂಬಂತಹ ವಾಕ್ಯಗಳು ಪಕ್ಕದಲ್ಲಿ ಕುಳಿತಿರುವ ಇನ್ನೊಬ್ಬ ಅಭ್ಯರ್ಥಿಯ ಉತ್ತರದಲ್ಲಿಯೂ ಇರುತ್ತವೆ. ಬೇರೆ ಯಾರಾದರೂ ಹೇಳಬಹುದಾದ ವಾಕ್ಯವನ್ನು ತೆಗೆದು, ಆ ಜಾಗದಲ್ಲಿ ತಾನು ಮಾಡಿದ ಒಂದು ಸಂಗತಿಯನ್ನು ಇಡತಕ್ಕದ್ದು.

9. ಭಾಷೆಯ ಬಗ್ಗೆ

ಕನ್ನಡ ಮಾಧ್ಯಮದಲ್ಲಿ ಓದಿದವರು ಉದ್ದವಾದ ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿ, ಮಧ್ಯದಲ್ಲಿ ಒಂದು ಪದ ಮರೆತಾಗ ಪೂರ್ತಿಯಾಗಿ ನಿಂತುಬಿಡುವುದುಂಟು. ವಾಕ್ಯಗಳ ಬದಲಾಗಿ ಐದು ಗುರುತಿನ ಪದಗಳನ್ನು ಮಾತ್ರ ನೆನಪಿಟ್ಟುಕೊಳ್ಳುವುದು ಉತ್ತಮ: ಊರು, ಹಾಲಿನ ಲೆಕ್ಕ, 160 ರೂಪಾಯಿ, ದಿನಾಂಕ, ಬಸ್ ಆ್ಯಪ್. ಈ ಕ್ರಮದಲ್ಲಿ ಪ್ರತಿ ಬಾರಿಯೂ ಹೊಸದಾಗಿ, ಹತ್ತು ಹನ್ನೆರಡು ಪದಗಳ ಚಿಕ್ಕ ವಾಕ್ಯಗಳಲ್ಲಿ ಹೇಳಿ ಅಭ್ಯಾಸ ಮಾಡತಕ್ಕದ್ದು. ಹೆಸರು ಹೇಳುವಾಗ "ಮೈಸೆಲ್ಫ್" ಎಂದು ಪ್ರಾರಂಭಿಸುವುದು ತಪ್ಪು ಪ್ರಯೋಗ. "ಐ ಆ್ಯಮ್" ಎಂಬುದು ಸರಿ. ನಡೆದುಹೋದ ಕೆಲಸವನ್ನು ಭೂತಕಾಲದಲ್ಲಿಯೂ, ನಡೆಯುತ್ತಿರುವ ಕೆಲಸವನ್ನು ವರ್ತಮಾನದಲ್ಲಿಯೂ ಹೇಳುವುದರ ಕಡೆಗೆ ಗಮನವಿರಲಿ. ಇದನ್ನು ಬೆರೆಸಿದರೆ ಪ್ರಾಜೆಕ್ಟ್ ಮುಗಿದಿದೆಯೇ ಇಲ್ಲವೇ ಎಂಬ ಗೊಂದಲ ಉಂಟಾಗುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಿರು ಪ್ರಾಜೆಕ್ಟ್ ಕೂಡ ಸ್ನೇಹಿತರಿಂದ ಪಡೆದದ್ದಾಗಿದ್ದಲ್ಲಿ ಏನು ಮಾಡಬೇಕು?
ಉತ್ತರ: ಅದನ್ನು ಸ್ವಂತದ್ದೆಂದು ಹೇಳಬಾರದು. ಸಂದರ್ಶನಕ್ಕೆ ಎರಡು ವಾರಗಳ ಸಮಯವಿದ್ದರೆ, ಮೂರು ಟೇಬಲ್‌ಗಳುಳ್ಳ ಇಂತಹ ಒಂದು ಲೆಕ್ಕವನ್ನು ಸ್ವತಃ ಬರೆದು ಪರೀಕ್ಷಿಸಲು ಸಾಧ್ಯ. ಹೊಗೆಸೊಪ್ಪಿನ ಬೇಲ್‌ಗಳ ತೂಕ, ಕಬ್ಬಿನ ಸಾಗಣೆ, ಅಂಗಡಿಯ ಉದ್ರಿ ಪುಸ್ತಕ ಮುಂತಾಗಿ ಮನೆಯಲ್ಲಿ ಪರಿಚಿತವಾಗಿರುವ ಯಾವುದೇ ಲೆಕ್ಕವಾಗಬಹುದು.

ಪ್ರಶ್ನೆ: ಹಿಂದೆ ಅನುತ್ತೀರ್ಣವಾದ ವಿಷಯವಿದ್ದಲ್ಲಿ ಸ್ವಪರಿಚಯದಲ್ಲಿ ಹೇಳಬೇಕೇ?
ಉತ್ತರ: ತಾನಾಗಿ ಹೇಳುವ ಅಗತ್ಯವಿಲ್ಲ. ಕೇಳಿದಾಗ ವಿಷಯದ ಹೆಸರು ಮತ್ತು ಉತ್ತೀರ್ಣವಾದ ಸೆಮಿಸ್ಟರ್ ಅನ್ನು ಒಂದು ವಾಕ್ಯದಲ್ಲಿ ತಿಳಿಸುವುದು. ಅರ್ಜಿಯಲ್ಲಿ ಈ ಬಗ್ಗೆ ಅಂಕಣವಿದ್ದಲ್ಲಿ ಸತ್ಯವನ್ನೇ ನಮೂದಿಸತಕ್ಕದ್ದು; ಕೆಲಸಕ್ಕೆ ಸೇರುವಾಗ ಅಂಕಪಟ್ಟಿಗಳ ಪರಿಶೀಲನೆ ನಡೆಯುತ್ತದೆ.

ಪ್ರಶ್ನೆ: ಮಧ್ಯದಲ್ಲಿ ಸಂದರ್ಶಕರು ತಡೆದು ಪ್ರಶ್ನೆ ಕೇಳಿದರೆ ಉತ್ತರವನ್ನು ಪೂರ್ಣಗೊಳಿಸಬೇಕೇ?
ಉತ್ತರ: ಅಗತ್ಯವಿಲ್ಲ. ಹಾಲಿನ ಲೆಕ್ಕದ ವಿವರಣೆಯ ನಡುವೆಯೇ ಪ್ರಶ್ನೆ ಬಂದಲ್ಲಿ ಸ್ವಪರಿಚಯದ ಉದ್ದೇಶ ಈಡೇರಿದೆ ಎಂದು ತಿಳಿಯಬಹುದು. ಕೇಳಿದ ಪ್ರಶ್ನೆಗೆ ಉತ್ತರಿಸಿ, ಉಳಿದುದನ್ನು ಕೇಳಿದಾಗ ಹೇಳುವುದು.

ಸೂಚನೆ: ಮೇಲಿನ ನಿದರ್ಶನದಲ್ಲಿನ ಹಾಲಿನ ದರ ಮತ್ತು ಪ್ರಮಾಣಗಳು ಲೆಕ್ಕವನ್ನು ವಿವರಿಸುವ ಸಲುವಾಗಿ ಮಾತ್ರ ನೀಡಲ್ಪಟ್ಟಿವೆ. ಮಾದರಿ ಉತ್ತರವನ್ನು ಯಥಾವತ್ತಾಗಿ ಬಳಸಬಾರದು. ಅಭ್ಯರ್ಥಿಯು ತಾನು ಸ್ವತಃ ಮಾಡಿದ ಕೆಲಸವನ್ನು ಅದೇ ಕ್ರಮದಲ್ಲಿ ಜೋಡಿಸಿಕೊಳ್ಳತಕ್ಕದ್ದು.